ಓ-ರಿಂಗ್ ಗ್ರೂವ್: ಆಳ ನೋಡಬೇಕಾದ್ದು ರಂಧ್ರದಿಂದಲ್ಲ, ಶಾಫ್ಟ್‌ನಿಂದ

ಪ್ರಶ್ನೆ: ಸಾರ್, ನಮ್ಮದು ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್. ವಾಲ್ವ್ ಮೇಲೆ ಕೂರುವ ಲಿಮಿಟ್ ಸ್ವಿಚ್ ಬಾಕ್ಸ್ ಮಾಡುತ್ತೇವೆ. ಅಲ್ಯೂಮಿನಿಯಂ ಹೌಸಿಂಗ್, 20 ಮಿ.ಮೀ. ಬ್ರೈಟ್ ಬಾರ್ ಶಾಫ್ಟ್, ಕಾಲು ಸುತ್ತು ಮಾತ್ರ ತಿರುಗುತ್ತದೆ. ಬೋರ್ 20ರಿಂದ 20.1ರವರೆಗೆ ಬರುತ್ತದೆ. ಅದರೊಳಗೆ 3 ಮಿ.ಮೀ. ಆಳ, 3.6 ಅಗಲದ ಗ್ರೂವ್ ಹಾಕಿ 3.53 ದಪ್ಪದ ಓ-ರಿಂಗ್ ಕೂರಿಸುತ್ತೇವೆ. ಆಳ 0.1 ಆಚೀಚೆ ಆಗುತ್ತದೆ. ಕೆಲವು ಬಾಕ್ಸ್‌ಗೆ ನೀರು ಹೋಗುತ್ತದೆ, ಕೆಲವು ತಿರುಗಿಸಲಾಗದಷ್ಟು ಬಿಗಿ. ಬಿಚ್ಚಿದರೆ ಕೆಲವು ಸಲ ರಿಂಗಿನ ಚೂರು ಕತ್ತರಿಸಿರುತ್ತದೆ. ಗ್ರೂವ್ ಸರಿಯಾಗಿ ಎಷ್ಟಿರಬೇಕು?

ಉತ್ತರ: ನೀವು ಕೊಟ್ಟ 3 ಮಿ.ಮೀ. ಆಳ ತಪ್ಪೇನಲ್ಲ. ಆದರೆ ರಬ್ಬರಿಗೆ ಬೋರ್ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಅದನ್ನು ಒಂದು ಕಡೆಯಿಂದ ಶಾಫ್ಟ್ ಒತ್ತುತ್ತದೆ, ಇನ್ನೊಂದು ಕಡೆಯಿಂದ ಗ್ರೂವಿನ ತಳ. ಈ ಎರಡರ ನಡುವಿನ ಜಾಗವೇ ಲೆಕ್ಕಕ್ಕೆ ಬರುವುದು. ಬೋರಿನ ಅಂಚಿನಿಂದ ಆಳ ಅಳೆದರೆ ಬೋರಿನ ಏರುಪೇರು, ಶಾಫ್ಟಿನ ಏರುಪೇರು ಎರಡೂ ನಿಮ್ಮ ಕಣ್ಣಿಗೆ ಬೀಳದೆ ಒಳಗೆ ಸೇರಿಕೊಳ್ಳುತ್ತವೆ.

ಲೆಕ್ಕ ಸರಳ:

```
ಜಾಗ = (ಗ್ರೂವ್ ತಳದ ವ್ಯಾಸ − ಶಾಫ್ಟ್ ವ್ಯಾಸ) / 2
ಸ್ಕ್ವೀಜ್ % = (ರಿಂಗ್ ದಪ್ಪ − ಜಾಗ) / ರಿಂಗ್ ದಪ್ಪ × 100
```

ನಿಮ್ಮ ಈಗಿನ ಬಾಕ್ಸನ್ನೇ ಇದಕ್ಕೆ ಹಾಕಿ ನೋಡೋಣ. ಐಎಸ್‌ಒ 3601ರ ಪ್ರಕಾರ 3.53ರ ರಿಂಗಿಗೆ ದಪ್ಪದಲ್ಲಿ 0.10 ಹೆಚ್ಚುಕಡಿಮೆಗೆ ಅವಕಾಶವಿದೆ. ಅಂದರೆ ನಿಮ್ಮ ಕೈಗೆ ಬರುವ ರಿಂಗ್ 3.43ರಿಂದ 3.63ರವರೆಗೆ ಎಷ್ಟಾದರೂ ಇರಬಹುದು. ಬ್ರೈಟ್ ಬಾರ್ ಎಚ್11 ದರ್ಜೆಯದಾದರೆ 20 ಅನ್ನುವುದು 19.87 ಕೂಡ ಆಗಬಹುದು. ಈಗ ಕೆಟ್ಟ ಜೋಡಿ ಹಿಡಿಯಿರಿ: ಬೋರ್ 20.1, ಶಾಫ್ಟ್ 19.87, ಆಳ 3.1, ರಿಂಗ್ 3.43. ಶಾಫ್ಟ್ ನಟ್ಟನಡುವೆ ನಿಂತರೆ ಜಾಗ 3.215, ಸ್ಕ್ವೀಜ್ ಸುಮಾರು 6 ಪರ್ಸೆಂಟ್. ಆದರೆ ಶಾಫ್ಟ್ ನಡುವೆ ನಿಲ್ಲುವುದಿಲ್ಲ. ವಾಲ್ವ್ ಕಡೆಯಿಂದ ಸ್ವಲ್ಪ ಎಳೆತ ಬಂದರೂ ಅದು ಬೋರಿನ ಒಂದು ಬದಿಗೆ ಒರಗುತ್ತದೆ. ಆಗ ಎದುರು ಬದಿಯಲ್ಲಿ ಇನ್ನೂ 0.115 ಜಾಗ ತೆರೆದುಕೊಂಡು ಸ್ಕ್ವೀಜ್ 3 ಪರ್ಸೆಂಟಿಗೆ, ಅಂದರೆ 0.1 ಮಿ.ಮೀ.ಗೆ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ ಬೋರ್ 20.0, ಶಾಫ್ಟ್ 20.0, ಆಳ 2.9, ರಿಂಗ್ 3.63 ಸಿಕ್ಕರೆ ಸ್ಕ್ವೀಜ್ 20 ಪರ್ಸೆಂಟ್. ಒಂದೇ ಡ್ರಾಯಿಂಗ್‌ನಿಂದ 3 ಪರ್ಸೆಂಟಿನ ಬಾಕ್ಸೂ 20 ಪರ್ಸೆಂಟಿನ ಬಾಕ್ಸೂ ಹೊರಬರುತ್ತಿವೆ. ಸೋರುವುದು ಮೊದಲನೆಯದು.

ಬಿಗಿಯಾಗುವುದಕ್ಕೆ 20 ಪರ್ಸೆಂಟ್ ಒಂದೇ ಕಾರಣವಲ್ಲ. ಅದಕ್ಕಿಂತ ದೊಡ್ಡ ಕಾರಣ ನಿಮ್ಮ 3.6ರ ಅಗಲ. ರಬ್ಬರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಪಕ್ಕಕ್ಕೆ ಹರಡುತ್ತದೆ. ಅದರ ಗಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 3.53 ರಿಂಗಿನ ಅಡ್ಡಕೊಯ್ತದ ವಿಸ್ತೀರ್ಣ 9.8 ಚದರ ಮಿ.ಮೀ. ನಿಮ್ಮ ಗ್ರೂವಿನದು ಮೂರು ಮಿ.ಮೀ. ಜಾಗಕ್ಕೆ 3.6 ಅಗಲ, ಅಂದರೆ 10.8. ಗ್ರೂವ್ ಆಗಲೇ 90 ಪರ್ಸೆಂಟ್ ತುಂಬಿತು. ರಿಂಗ್ ದಪ್ಪದ ಕಡೆಯದಾದರೆ, ಜಾಗ ಸ್ವಲ್ಪ ಕಡಿಮೆಯಾದರೆ, ಗ್ರೂವ್ ಪೂರ್ತಿ ತುಂಬಿ ಹರಡಲು ಎಡೆಯೇ ಉಳಿಯುವುದಿಲ್ಲ. ಆಮೇಲೆ ಅದು ರಿಂಗಿನಂತೆ ಅಲ್ಲ, ತುರುಕಿದ ಬೆಣೆಯಂತೆ ಶಾಫ್ಟನ್ನು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಾಕ್ಸ್ ಕಾದಾಗ ರಬ್ಬರ್ ಲೋಹಕ್ಕಿಂತ ಹೆಚ್ಚು ಹಿಗ್ಗುತ್ತದೆ, ಗ್ರೀಸ್ ತಗುಲಿ ಸ್ವಲ್ಪ ಉಬ್ಬುವುದೂ ಉಂಟು. ಬೆಳಿಗ್ಗೆ ಸಲೀಸಾಗಿ ತಿರುಗಿದ ಬಾಕ್ಸ್ ಮಧ್ಯಾಹ್ನ ಬಿಗಿಯಾಗುತ್ತದೆ ಎಂಬ ದೂರು ಬಂದರೆ ಮೊದಲು ಗ್ರೂವಿನ ಅಗಲ ನೋಡಿ. ರಿಂಗ್ ಅಲುಗಾಡಬಾರದು ಎಂದು ಅಗಲವನ್ನು ರಿಂಗಿನ ದಪ್ಪದಷ್ಟೇ ಇಡುವುದು ನಮ್ಮ ಕಡೆ ಬಹಳ ವರ್ಕ್‌ಶಾಪ್‌ಗಳಲ್ಲಿ ಇದೆ. ರಿಂಗ್ ಪಕ್ಕಕ್ಕೆ ಸ್ವಲ್ಪ ಆಡಿದರೆ ನಷ್ಟವೇನಿಲ್ಲ.

ಇನ್ನು ಎಷ್ಟು ಸ್ಕ್ವೀಜ್ ಇರಬೇಕು? ಅಲುಗಾಡದ ಜಾಯಿಂಟಿಗೆ, ಅಂದರೆ ರಂಧ್ರದೊಳಗೆ ತಳ್ಳಿ ಕೂರಿಸಿಬಿಡುವ ಮುಚ್ಚಳದಂಥದ್ದಕ್ಕೆ, 15ರಿಂದ 25 ಪರ್ಸೆಂಟ್ ಇಡುತ್ತಾರೆ. ಹಿಂದೆ ಮುಂದೆ ಓಡುವ ಸಿಲಿಂಡರ್ ರಾಡಿಗೆ 10ರಿಂದ 16ರ ಸುಮಾರು. ವೇಗವಾಗಿ ಸುತ್ತುವ ಶಾಫ್ಟಿಗೆ ಇನ್ನೂ ಕಡಿಮೆ, ಏಕೆಂದರೆ ಅಲ್ಲಿ ತಿಕ್ಕಾಟದ ಬಿಸಿಯೇ ರಿಂಗನ್ನು ಸುಡುತ್ತದೆ. ನಿಮ್ಮದು ದಿನಕ್ಕೆ ಕೆಲವು ಸಲ ಕಾಲು ಸುತ್ತು. ಬಿಸಿಯ ಮಾತೇ ಇಲ್ಲ. ಹಾಗಾಗಿ ಕಡಿಮೆ ಸ್ಕ್ವೀಜ್ ಇಡುವ ಅಗತ್ಯವಿಲ್ಲ.

ಇಡಲೂಬಾರದು. ಹೈಡ್ರಾಲಿಕ್ ಸಿಲಿಂಡರಿನಲ್ಲಿ ಒಳಗಿನ ಎಣ್ಣೆಯ ಒತ್ತಡವೇ ರಿಂಗನ್ನು ಗ್ರೂವಿನ ಒಂದು ಪಕ್ಕಕ್ಕೆ ತಳ್ಳಿ ಇನ್ನಷ್ಟು ಬಿಗಿ ಮಾಡುತ್ತದೆ. ಒತ್ತಡ ಏರಿದಷ್ಟೂ ಸೀಲ್ ಗಟ್ಟಿ. ನಿಮ್ಮ ಬಾಕ್ಸಿಗೆ ಆ ಸಹಾಯವಿಲ್ಲ. ಐಪಿ67 ಪರೀಕ್ಷೆಯ 1 ಮೀಟರ್ ನೀರು ಅಂದರೆ 0.1 ಬಾರ್ ಅಷ್ಟೇ. ಅಷ್ಟು ಒತ್ತಡಕ್ಕೆ 70 ಶೋರ್ ಗಡಸಿನ ರಬ್ಬರ್ ಜಗ್ಗುವುದಿಲ್ಲ. ಇಲ್ಲಿ ಸೀಲ್ ಆಗುವುದು ನೀವು ಕೊಟ್ಟ ಸ್ಕ್ವೀಜ್‌ನಿಂದಲೇ. ಅದೂ ಕಾಲ ಕಳೆದಂತೆ ಕರಗುತ್ತದೆ. ಒತ್ತಿಟ್ಟ ರಬ್ಬರ್ ವರ್ಷಗಳು ಕಳೆದ ಮೇಲೆ ಪೂರ್ತಿ ವಾಪಸ್ ಬರುವುದಿಲ್ಲ, ಒತ್ತಿದ್ದರಲ್ಲಿ ಒಂದು ಪಾಲು ಹಾಗೇ ಚಪ್ಪಟೆಯಾಗಿ ಉಳಿಯುತ್ತದೆ. ಇದಕ್ಕೆ ಕಂಪ್ರೆಷನ್ ಸೆಟ್ ಅನ್ನುತ್ತಾರೆ. 0.37 ಮಿ.ಮೀ. ಒತ್ತಿ ಶುರು ಮಾಡಿದ ರಿಂಗ್ 40 ಪರ್ಸೆಂಟ್ ಸೆಟ್ ಆದರೂ ಅದರ ಕೈಯಲ್ಲಿ 0.22 ಉಳಿದಿರುತ್ತದೆ. 0.1ರಿಂದ ಶುರು ಮಾಡಿದ್ದು ಒಂದು ಮಳೆಗಾಲ ಕಳೆದರೆ ಹೆಚ್ಚು.

ಹಾಗಾದರೆ ನಿಮ್ಮ ಬಾಕ್ಸಿಗೆ ನಾನು ಹಾಕುವ ಅಳತೆ ಇದು. ಶಾಫ್ಟಿನ ಸೀಲ್ ಕೂರುವ ಭಾಗವನ್ನು ಬ್ರೈಟ್ ಬಾರ್ ಹೇಗೆ ಬಂತೋ ಹಾಗೇ ಬಿಡದೆ, ಗ್ರೈಂಡ್ ಮಾಡಿಸಿ 20 ಎಫ್7ಕ್ಕೆ ತನ್ನಿ. ಅಂದರೆ 19.959ರಿಂದ 19.980. ಬೋರ್ 20 ಎಚ್8, ಅಂದರೆ 20.000ರಿಂದ 20.033. ಗ್ರೂವ್ ತಳದ ವ್ಯಾಸ 25.95ರಿಂದ 26.00. ಡ್ರಾಯಿಂಗಿನಲ್ಲಿ ಆಳ ಬರೆಯಬೇಡಿ, ಈ ವ್ಯಾಸವನ್ನೇ ಬರೆಯಿರಿ. ಆಪರೇಟರ್ ಅಳೆಯುವುದೂ ಅದನ್ನೇ ಆಗಲಿ, ಒಳಗ್ರೂವ್ ಅಳೆಯುವ ಕ್ಯಾಲಿಪರ್‌ನಲ್ಲಿ. ಬೋರ್ ಮತ್ತು ಗ್ರೂವ್ ಎರಡನ್ನೂ ಒಂದೇ ಹಿಡಿತದಲ್ಲಿ, ಜಾಬ್ ಬಿಚ್ಚದೆ ಮುಗಿಸಿ. ಬಿಚ್ಚಿ ಮತ್ತೆ ಹಿಡಿದರೆ ಎರಡರ ಕೇಂದ್ರ ಬೇರೆಯಾಗಿ, ಕಷ್ಟಪಟ್ಟು ಗಳಿಸಿದ ಸ್ಕ್ವೀಜ್ ಒಂದು ಬದಿಯಲ್ಲಿ ಹೋಗಿಬಿಡುತ್ತದೆ.

ಮೊದಲಿನ ಪರೀಕ್ಷೆಯನ್ನೇ ಇದಕ್ಕೂ ಕೊಡೋಣ. ಜಾಗ ಅತಿ ಹೆಚ್ಚೆಂದರೆ (26.00 − 19.959)/2, ಅಂದರೆ 3.02. ಶಾಫ್ಟ್ ಒಂದು ಬದಿಗೆ ಒರಗಿ 0.037 ಸೇರಿದರೆ 3.06. ತೆಳು ರಿಂಗ್ 3.43 ಸಿಕ್ಕರೂ ಸ್ಕ್ವೀಜ್ 0.37, ಸುಮಾರು 11 ಪರ್ಸೆಂಟ್. ಎದುರು ತುದಿಯಲ್ಲಿ ಜಾಗ 2.985, ಒರಗಿದ ಬದಿಯಲ್ಲಿ 2.96. ದಪ್ಪ ರಿಂಗ್ 3.63 ಬಂದರೆ 18.5 ಪರ್ಸೆಂಟ್. 3ರಿಂದ 20ರವರೆಗೆ ಚೆಲ್ಲಾಡುತ್ತಿದ್ದದ್ದು 11ರಿಂದ 18.5ರೊಳಗೆ ಬಂತು. ಇದರಲ್ಲಿ ಉಳಿದ ವ್ಯತ್ಯಾಸದ ಬಹುಪಾಲು ರಿಂಗಿನದೇ, ಲೋಹದ್ದಲ್ಲ. ಇದೇ ಕಾರಣಕ್ಕೆ ಜಾಗವಿದ್ದರೆ ನಾನು ದಪ್ಪ ರಿಂಗನ್ನೇ ಆರಿಸುತ್ತೇನೆ. 0.1 ಮಿ.ಮೀ. ತಪ್ಪು 3.53ರ ರಿಂಗಿಗೆ 3 ಪರ್ಸೆಂಟ್, 1.78ರ ರಿಂಗಿಗೆ ಅದೇ ತಪ್ಪು ಸುಮಾರು 6 ಪರ್ಸೆಂಟ್.

ಅಗಲ 4.8ರಿಂದ 5.0 ಇಡಿ. ಆಗ ಅತಿ ದಪ್ಪ ರಿಂಗ್, ಅತಿ ಚಿಕ್ಕ ಗ್ರೂವ್ ಸೇರಿದರೂ ತುಂಬುವುದು 72 ಪರ್ಸೆಂಟ್. ರಬ್ಬರ್ 15 ಪರ್ಸೆಂಟ್ ಉಬ್ಬಿದರೂ 83ರಲ್ಲಿ ನಿಲ್ಲುತ್ತದೆ. 85 ದಾಟದಂತೆ ನೋಡಿಕೊಂಡರೆ ಸಾಕು. ತಳದ ಮೂಲೆಗೆ 0.3ರ ಸುತ್ತು, ಬಾಯಿಯ ಅಂಚಿಗೆ 0.1ರಿಂದ 0.2. ಆ ಅಂಚು ಉಗುರಿಗೆ ಹರಿತವಾಗಿ ಸಿಕ್ಕರೆ ರಬ್ಬರಿಗೂ ಹರಿತವೇ. ಈಗಾಗಲೇ ಕಟ್ ಆಗಿರುವ ನಿಮ್ಮ ಹೌಸಿಂಗ್‌ಗಳಲ್ಲಿ ಗ್ರೂವ್ ತಳ 26.00 ದಾಟಿರದಿದ್ದರೆ ಬರೀ ಅಗಲ ಹೆಚ್ಚಿಸಿ, ಶಾಫ್ಟ್ ಸರಿ ಮಾಡಿ ಉಳಿಸಿಕೊಳ್ಳಬಹುದು. ತಳ 26.2 ಆಗಿದ್ದರೆ ಬಿಡಿ, ಅದಕ್ಕೆ ಬುಷ್ ಹೊಡೆಯಬೇಕಾಗುತ್ತದೆ.

ಯಾವ ರಿಂಗ್ ಎಂದರೆ ಒಳವ್ಯಾಸ 20.22, ದಪ್ಪ 3.53, ಅಂಗಡಿಯಲ್ಲಿ 211 ನಂಬರ್ ಎಂದರೆ ಕೊಡುತ್ತಾರೆ. ಒಂದು ಸೈಜ್ ಚಿಕ್ಕದು, 18.64ರ 210, ಹಾಕಿದರೆ ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅಲ್ಲ. ಎಳೆದ ರಿಂಗ್ ತೆಳ್ಳಗಾಗುತ್ತದೆ, ಈ ಎಳೆತಕ್ಕೆ ದಪ್ಪ ಸುಮಾರು 0.06 ಇಳಿದು ಅಷ್ಟೂ ಸ್ಕ್ವೀಜ್ ಹೋಗುತ್ತದೆ. ಸುತ್ತುವ ಶಾಫ್ಟಿನಲ್ಲಿ ಇನ್ನೊಂದು ತೊಂದರೆಯೂ ಇದೆ: ಎಳೆದಿಟ್ಟ ರಬ್ಬರ್ ಬಿಸಿಯಾದರೆ ಹಿಗ್ಗುವ ಬದಲು ಮುದುಡುತ್ತದೆ, ಶಾಫ್ಟನ್ನು ಇನ್ನೂ ಹಿಡಿಯುತ್ತದೆ, ಇನ್ನೂ ಬಿಸಿಯಾಗುತ್ತದೆ. ಅದಕ್ಕೇ ಅಂಥಲ್ಲಿ ಒಳವ್ಯಾಸ ಶಾಫ್ಟಿಗಿಂತ ತುಸು ದೊಡ್ಡದಿರುವ ರಿಂಗನ್ನು ಹಾಕಿ, ಗ್ರೂವಿನ ತಳದಿಂದ ಒಳಕ್ಕೆ ಒತ್ತಿಸುತ್ತಾರೆ. 211 ಇಲ್ಲಿ ಮಾಡುವುದು ಅದನ್ನೇ. ಹೀಗೆ ಒತ್ತಿಸಿಕೊಂಡ ರಿಂಗ್ ಸ್ವಲ್ಪ ದಪ್ಪವಾಗುವುದರಿಂದ ನಿಜವಾದ ಸ್ಕ್ವೀಜ್ ಮೇಲಿನ ಲೆಕ್ಕಕ್ಕಿಂತ ಒಂದೂವರೆ ಪರ್ಸೆಂಟ್ ಮೇಲೇ ಇರುತ್ತದೆ. ನಿಮ್ಮ ಕೆಲಸಕ್ಕೆ ಅದು ಒಳ್ಳೆಯದೇ.

ರಿಂಗಿನ ದಪ್ಪ ನೀವೇ ಅಳೆಯುವುದಾದರೆ ಎಚ್ಚರ. ಡಿಜಿಟಲ್ ವರ್ನಿಯರ್‌ನ ದವಡೆಯನ್ನು ಹೆಬ್ಬೆರಳಿನಿಂದ ಎಂದಿನಂತೆ ಒತ್ತಿದರೆ ರಬ್ಬರ್ ಅಮುಕಿ 3.53ರ ಜಾಗದಲ್ಲಿ 3.4 ತೋರಿಸುತ್ತದೆ. ದವಡೆ ಸರಿಸುತ್ತಾ ರಿಂಗನ್ನು ನಡುವೆ ಜೋಲಾಡಿಸಿ, ಅದು ಜಾರಿ ಬೀಳುವುದಕ್ಕೂ ಸಿಕ್ಕಿ ನಿಲ್ಲುವುದಕ್ಕೂ ನಡುವಿನ ಅಳತೆ ಓದಿ. ಸುತ್ತಲೂ ಮೂರು ನಾಲ್ಕು ಕಡೆ ನೋಡಿ.

ಇನ್ನು ಕತ್ತರಿಸಿದ ರಿಂಗ್. ಶಾಫ್ಟ್ ತುದಿಗೆ ಅರ್ಧ ಮಿ.ಮೀ. 45 ಡಿಗ್ರಿ ಚ್ಯಾಂಫರ್ ಕೊಟ್ಟಿರುತ್ತೀರಿ ಎಂದುಕೊಳ್ಳುತ್ತೇನೆ, ಸಾಮಾನ್ಯವಾಗಿ ಎಲ್ಲರೂ ಕೊಡುವುದು ಅದೇ. ಆಗ ತುದಿಯ ವ್ಯಾಸ 19.0. ಈಗ ಗ್ರೂವಿನಲ್ಲಿ ಕೂತ ರಿಂಗನ್ನು ಶಾಫ್ಟ್ ಇಲ್ಲದೆ ನೋಡಿ. 26ರ ಗ್ರೂವಿನೊಳಗೆ ಎರಡು ಬದಿ 3.53 ಕಳೆದರೆ ಉಳಿಯುವ ಕಿಂಡಿ 18.9, ರಿಂಗ್ ದಪ್ಪವಾಗಿರುವುದನ್ನು ಹಿಡಿದರೆ 18.8. ಶಾಫ್ಟಿನ ಮೂತಿ ಈ ಕಿಂಡಿಗಿಂತ ದೊಡ್ಡದು. ಅದು ರಿಂಗಿನ ಒಳಗೆ ತೂರುವುದಿಲ್ಲ, ರಿಂಗಿನ ಮೇಲೆ ಇಳಿದು ಸೀಳುತ್ತದೆ. ದಪ್ಪ ರಿಂಗ್ ಬಂದ ಬಾಕ್ಸಿನಲ್ಲಿ ಇನ್ನೂ ಖಚಿತವಾಗಿ. ಹಾಗಾಗಿ ಮೂತಿಯನ್ನು 18.4ಕ್ಕೆ ಇಳಿಸಿ, ಅಲ್ಲಿಂದ 20ಕ್ಕೆ 15 ಡಿಗ್ರಿ ಇಳಿಜಾರಿನಲ್ಲಿ ಏರಿಸಿ. ಒಂದು ಬದಿಗೆ 0.8 ಏರಲು 15 ಡಿಗ್ರಿಯಲ್ಲಿ 3 ಮಿ.ಮೀ. ಉದ್ದ ಬೇಕು. ಇಳಿಜಾರು ಮುಗಿದು 20 ಶುರುವಾಗುವ ಗೆರೆಯನ್ನೂ ಉಜ್ಜಿ ನಯ ಮಾಡಿ.

ಇಲ್ಲಿ ಶಾಫ್ಟಿನ ಆಕಾರವನ್ನೇ ಒಮ್ಮೆ ಮತ್ತೆ ಯೋಚಿಸಿ. ಜೋಡಿಸುವಾಗ ರಿಂಗಿನ ಮೂಲಕ ಹಾದುಹೋಗುವ ಭಾಗದಲ್ಲಿ ಕೀವೇ, ಸರ್ಕ್ಲಿಪ್ ಗ್ರೂವ್, ಪಿನ್ನಿನ ತೂತು ಏನಾದರೂ ಇದೆಯೇ? ಇದ್ದರೆ ಚ್ಯಾಂಫರ್ ಎಷ್ಟು ಚೆನ್ನಾಗಿದ್ದರೂ ಅವು ರಿಂಗನ್ನು ಅರ್ಧಚಂದ್ರದ ಚೂರಾಗಿ ಕಚ್ಚುತ್ತವೆ. ಸೀಲ್ ಕೂರುವ ಭಾಗ ಮಾತ್ರ 20 ಇರಲಿ, ಅದರಾಚೆ ರಿಂಗಿನೊಳಗೆ ಮೊದಲು ಹೋಗುವ ತುದಿಯನ್ನು 18ಕ್ಕೆ ಇಳಿಸಿ, ಕೀವೇ, ತೂತು ಎಲ್ಲ ಆ 18ರ ಮೇಲೆ ಬರಲಿ. ಲೇತಿನಲ್ಲಿ ಇನ್ನೊಂದು ಪಾಸು, ಅಷ್ಟೇ ಖರ್ಚು. ಹಳೇ ಶಾಫ್ಟುಗಳಿಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಸುತ್ತಿ, ಗ್ರೀಸ್ ಹಚ್ಚಿ ದಾಟಿಸಿ ಹಾಳೆ ಎಳೆದುಕೊಳ್ಳಿ.

ಶಾಫ್ಟಿನ ಮೈ ಬಗ್ಗೆ. ರಿಂಗ್ ಉಜ್ಜುವ ಮೈ ಆರ್‌ಎ 0.4 ಮೈಕ್ರಾನ್ ಸುಮಾರು ಇರಲಿ, ಗ್ರೂವಿನ ತಳ 0.8ರಿಂದ 1.6 ಆದರೆ ನಡೆಯುತ್ತದೆ. ಕನ್ನಡಿಯಂತೆ ಹೊಳೆಸಬೇಕಿಲ್ಲ, ತೀರಾ ನಯವಾದರೆ ಗ್ರೀಸ್ ನಿಲ್ಲುವುದಿಲ್ಲ. ನಯದ ನಂಬರಿಗಿಂತ ಗೆರೆ ಯಾವ ದಿಕ್ಕಿಗಿದೆ ಎಂಬುದು ಮುಖ್ಯ. ಲೇತ್ ಟೂಲ್ ಬಿಡುವ ಗೆರೆ ನಿಜದಲ್ಲಿ ಬಹಳ ಸಣ್ಣ ಸ್ಕ್ರೂ ಥ್ರೆಡ್. ರಿಂಗಿನ ಅಡಿಯಲ್ಲಿ ಅದು ಒಳಗಿನಿಂದ ಹೊರಗಿನವರೆಗೆ ಒಂದು ಕಾಲುವೆ. ತಿರುಗುತ್ತಿರುವ ಶಾಫ್ಟಿಗೆ ಎಮರಿ ಪೇಪರ್ ಹಿಡಿದು ಉದ್ದಕ್ಕೆ ಓಡಿಸಿದರೂ ಇದೇ ಕಥೆ. ಎಮರಿಯನ್ನು ಒಂದೇ ಕಡೆ ನಿಲ್ಲಿಸಿ ಹಿಡಿಯಬೇಕು, ಆಗ ಗೆರೆಗಳು ಬಳೆಗಳಾಗಿ ಉಳಿಯುತ್ತವೆ, ಒಂದಕ್ಕೊಂದು ಸೇರುವುದಿಲ್ಲ. ಪ್ಲಂಜ್ ಗ್ರೈಂಡಿಂಗ್ ಸಿಕ್ಕರೆ ಉತ್ತಮ. ಉದ್ದುದ್ದ ಒಂದು ಗೀರು ಬಿದ್ದರೂ, ಉಗುರಿಗೆ ತಗುಲುವಷ್ಟಿದ್ದರೆ, ಆ ಶಾಫ್ಟ್ ಬೇಡ.

ಶಾಫ್ಟಿನ ಭಾರ ರಿಂಗ್ ಹೊರಬಾರದು. ಸ್ಟೀಲ್ ಶಾಫ್ಟ್ ಬರೀ ಅಲ್ಯೂಮಿನಿಯಂ ಬೋರಿನಲ್ಲಿ ಆಡಿದರೆ ಬೋರ್ ಸವೆದು, 0.037 ಎಂದು ಲೆಕ್ಕ ಹಾಕಿದ ಒರಗು ಎರಡು ಮೂರು ಪಟ್ಟು ಆಗುತ್ತದೆ. ರಿಂಗಿನ ಹತ್ತಿರವೇ ಒಂದು ಕಂಚಿನ ಬುಷ್ ಇಡಿ.

ರಬ್ಬರ್ ಯಾವುದು ಎಂಬುದು ನಿಮ್ಮ ಗ್ರೀಸಿನ ಮೇಲೆ. ಬಾಕ್ಸ್ ಬಯಲಿನಲ್ಲಿ ಬಿಸಿಲು ಮಳೆಗೆ ನಿಲ್ಲುವುದಾದರೆ ಇಪಿಡಿಎಂ ಹೆಚ್ಚು ಬಾಳುತ್ತದೆ, ಆದರೆ ಅದಕ್ಕೆ ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಸೋಕಿದರೆ ಉಬ್ಬಿ ಹಾಳಾಗುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ. ಜೋಡಿಸುವವರ ಕೈಯಲ್ಲಿ ಎರಡು ಡಬ್ಬಿ ಗ್ರೀಸ್ ಇದ್ದು ಅದಲುಬದಲಾಗುವ ಭಯವಿದ್ದರೆ 70 ಶೋರ್ ನೈಟ್ರೈಲ್ ಹಾಕುವುದೇ ಮೇಲು. ಇಲ್ಲಿ ರಿಂಗ್ ಗ್ರೂವಿನೊಳಗೆ ಅಡಗಿರುವುದರಿಂದ ಬಿಸಿಲು ನೇರ ತಾಗುವುದಿಲ್ಲ.

ಮೇಲಿನ ಮುಚ್ಚಳದ ರಿಂಗಿಗೆ ಈ ಯಾವ ಅಳತೆಯನ್ನೂ ನಕಲು ಮಾಡಬೇಡಿ. ಅದು ಚಪ್ಪಟೆ ಮುಖದ ಸೀಲ್, ಅಲುಗಾಡುವುದಿಲ್ಲ, 20ರಿಂದ 25 ಪರ್ಸೆಂಟ್ ಇಡಿ. ಲೋಹಕ್ಕೆ ಲೋಹ ಕೂರುವವರೆಗೆ ಬೋಲ್ಟ್ ಬಿಗಿಯಬೇಕು.

ಪರೀಕ್ಷೆಯನ್ನು ನೀರಿನ ತೊಟ್ಟಿಯಲ್ಲಿ ಸುಮ್ಮನೆ ಮುಳುಗಿಸಿ ಮುಗಿಸಬೇಡಿ. ಕೇಬಲ್ ಗ್ಲ್ಯಾಂಡಿನ ತೂತಿನಿಂದ 0.2 ಬಾರ್ ಗಾಳಿ ಕೊಟ್ಟು ಮುಳುಗಿಸಿ, ಶಾಫ್ಟನ್ನು ಕೈಯಿಂದ ಒಂದು ಬದಿಗೆ ಒತ್ತಿ ಹಿಡಿದು ನಿಧಾನ ತಿರುಗಿಸಿ. ನೆಟ್ಟಗಿದ್ದಾಗ ಗುಳ್ಳೆ ಬರದೆ ಒತ್ತಿದಾಗ ಬಂದರೆ ಬೋರ್ ಸಡಿಲ. ತಿರುಗಿಸುವಾಗ ಒಂದು ಕೋನದಲ್ಲಿ ಮಾತ್ರ ಬಂದರೆ ಶಾಫ್ಟಿನ ಮೇಲೆ ಗೀರು. ಯಾವಾಗಲೂ ಒಂದೇ ಜಾಗದಿಂದ ಬಂದರೆ ರಿಂಗ್ ಕತ್ತರಿಸಿದೆ ಅಥವಾ ಗ್ರೂವಿನಲ್ಲಿ ಎರಕದ ಸಣ್ಣ ತೂತು ಇದೆ. ಆಮೇಲೆ ತೂತು ತೆರೆದಿಟ್ಟೇ ಒಂದೆರಡು ಬಾಕ್ಸನ್ನು 60 ಡಿಗ್ರಿಗೆ ಕಾಯಿಸಿ, ಬಿಸಿಯಿರುವಾಗಲೇ ತೂತು ಮುಚ್ಚಿ 25 ಡಿಗ್ರಿ ನೀರಿಗೆ ಹಾಕಿ. ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ, 1 ಮೀಟರ್ ನೀರು ಹೊರಗಿನಿಂದ ಒತ್ತಿದಷ್ಟೇ. ಬಿಸಿಲಲ್ಲಿ ಕಾದ ಬಾಕ್ಸಿನ ಮೇಲೆ ಸಂಜೆ ಮಳೆ ಸುರಿದಾಗ ಆಗುವುದು ಇದೇ, ಗಿರಾಕಿಗಳು ನೀರು ಹೋಗಿದೆ ಎಂದು ವಾಪಸ್ ತರುವ ಬಾಕ್ಸುಗಳಲ್ಲಿ ಬಹಳಷ್ಟು ಹೀಗೇ ನೀರು ಎಳೆದುಕೊಂಡಿರುತ್ತವೆ. ಅರ್ಧ ಗಂಟೆ ಬಿಟ್ಟು ಹೊರಗೆಲ್ಲ ಒರೆಸಿ ಮುಚ್ಚಳ ತೆಗೆಯಿರಿ. ಮೊದಲೇ ಒಳಗೆ ಶಾಫ್ಟಿನ ಸುತ್ತ ಒಂದು ಟಿಶ್ಯೂ ಪೇಪರ್ ಸುತ್ತಿಟ್ಟಿದ್ದರೆ, ಒಂದು ಹನಿ ಬಂದಿದ್ದರೂ ಎಲ್ಲಿಂದ ಬಂತು ಎಂದು ಅದರ ಕಲೆಯೇ ತೋರಿಸುತ್ತದೆ.